ದೀಪಾವಳಿಯ ಐದು ದಿನಗಳು: ಕಥೆ, ದೃಶ್ಯ ಮತ್ತು ಕಾಲ

ಆಶ್ವಯುಜ ಕೃಷ್ಣ ತ್ರಯೋದಶಿಯಿಂದ ಕಾರ್ತೀಕ ಶುಕ್ಲ ದ್ವಿತೀಯೆಯವರೆಗಿನ ಐದು ತಿಥಿಗಳನ್ನು ಕೂಡಿಸಿ ದೀಪಾವಳಿಯೆಂದು ಕರೆಯುತ್ತೇವೆ. ಐದು ದಿನವೂ ದೀಪವನ್ನು ಹಚ್ಚುವುದರಿಂದ ಇದು ಒಂದೇ ಹಬ್ಬವೆಂದು ತೋರುವುದು ಸಹಜ. ಆದರೆ ವಿಚಾರಿಸಿ ನೋಡಿದರೆ ಪ್ರತಿಯೊಂದು ದಿನಕ್ಕೂ ಬೇರೆ ಕಥೆಯಿದೆ, ಬೇರೆ ದೇವತೆಯ ಸ್ಮರಣೆಯಿದೆ. ಅದಕ್ಕಿಂತ ಮುಖ್ಯವಾಗಿ ಬೇರೆ ವೇಳೆಯಿದೆ. ಮೊದಲ ದಿನದ ದೀಪ ಸಂಜೆಯದು. ಎರಡನೆಯ ದಿನದ ಸ್ನಾನ ಸೂರ್ಯೋದಯಕ್ಕೆ ಮುಂಚಿನದು. ಮೂರನೆಯ ದಿನದ ಪೂಜೆ ಮತ್ತೆ ಸಂಜೆಗೆ ಹೊರಳುತ್ತದೆ. ನಾಲ್ಕನೆಯ ದಿನ ಬೆಳಗಿನಿಂದ ತೊಡಗುತ್ತದೆ. ಐದನೆಯ ದಿನದ ಊಟ ಅಪರಾಹ್ಣದ್ದು. ತಿಥಿಯೊಂದನ್ನೇ ನೋಡಿ ವೇಳೆಯನ್ನು ಮರೆತರೆ ತ್ರಯೋದಶಿಯ ದೀಪವನ್ನು ಚತುರ್ದಶಿಯಲ್ಲಿ ಹಚ್ಚಿದಂತಾದೀತು. ಆದುದರಿಂದ ಐದು ದಿನಗಳ ಕಥೆಗಳನ್ನು ಅವುಗಳ ದೃಶ್ಯಗಳೊಡನೆ ಇಲ್ಲಿ ಸಂಗ್ರಹಿಸಿ, ಕೊನೆಯಲ್ಲಿ ಕಾಲನಿರ್ಣಯದ ಒಂದು ಉದಾಹರಣೆಯನ್ನು ಸೇಡಂ ಊರಿನ ಸೂರ್ಯಾಸ್ತವನ್ನು ಹಿಡಿದು ಬಿಡಿಸಿ ತೋರಿಸುತ್ತೇವೆ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳಲ್ಲಿ ಹಬ್ಬದ ದಿನ ಕಥೆ ಹೇಳುವವರಿಗೂ, ಮಕ್ಕಳಿಂದ ಈ ದೃಶ್ಯಗಳನ್ನು ಆಡಿಸುವವರಿಗೂ ಇದು ಉಪಯೋಗವಾದೀತೆಂದು ನಂಬಿದ್ದೇವೆ.

ಮೊದಲನೆಯ ದಿನ: ತ್ರಯೋದಶಿ

ನಮ್ಮ ಕಡೆ ಈ ದಿನವನ್ನು ನೀರು ತುಂಬುವ ಹಬ್ಬವೆನ್ನುತ್ತಾರೆ. ಬಚ್ಚಲಮನೆಯನ್ನು ತೊಳೆದು, ಹಂಡೆಯನ್ನು ಬೆಳಗಿ, ಅರಿಸಿನ ಕುಂಕುಮ ಹಚ್ಚಿ, ಸಂಜೆ ಹೊಸ ನೀರನ್ನು ತುಂಬಿ ಗಂಗೆಯೆಂದು ಪೂಜಿಸುತ್ತಾರೆ. ಈ ನೀರು ಮರುದಿನದ್ದಲ್ಲದಿದ್ದರೂ ಮುಂದಿನ ಅಭ್ಯಂಗಕ್ಕೆ ಸಿದ್ಧತೆಯೇ ಸರಿ. ಅದೇ ಸಂಜೆ ಮನೆಯ ಹೊರಗೆ ದಕ್ಷಿಣಕ್ಕೆ ಮುಖವಾಗಿ ಒಂದು ದೀಪವನ್ನಿಡುವುದುಂಟು. ಅದೇ ಯಮದೀಪ. ದೇವರ ಮುಂದೆ ಹಚ್ಚುವ ದೀಪ ಮನೆಯೊಳಗಿನದು. ಈ ಒಂದು ದೀಪ ಮಾತ್ರ ಹೊರಗಿನದು. ಏಕೆ ಹೊರಗೆ ಎಂಬುದಕ್ಕೆ ಕಥೆಯೇ ಉತ್ತರ ಹೇಳುತ್ತದೆ.

ದೃಶ್ಯವು ಯಮಧರ್ಮರಾಜನ ಸಭೆ. ಕೆಲಸ ಮುಗಿಸಿ ಬಂದ ದೂತರು ಕೈಕಟ್ಟಿ ನಿಂತಿದ್ದಾರೆ. ಯಮನು ಅವರನ್ನು ಒಂದು ವಿಚಿತ್ರವಾದ ಪ್ರಶ್ನೆಯನ್ನು ಕೇಳುತ್ತಾನೆ: ಪ್ರಾಣಿಗಳ ಪ್ರಾಣವನ್ನು ತರುವಾಗ ನಿಮಗೆ ಎಂದಾದರೂ ಮರುಕ ಹುಟ್ಟಿದ್ದುಂಟೆ? ದೂತರು ತಲೆತಗ್ಗಿಸುತ್ತಾರೆ. ಇಲ್ಲವೆಂದು ಹೇಳಲು ಅವರಿಗೆ ಆಗುವುದಿಲ್ಲ. ಹೇಮನೆಂಬ ರಾಜನಿಗೆ ಒಬ್ಬ ಮಗ ಹುಟ್ಟಿದನು. ಮದುವೆಯಾದ ನಾಲ್ಕನೆಯ ದಿನ ಅವನಿಗೆ ಮರಣವೆಂದು ಹುಟ್ಟಿದಾಗಲೇ ತಿಳಿದುಬಂದಿತು. ತಂದೆ ಅವನನ್ನು ಯಮುನಾತೀರದಲ್ಲಿ ಮರೆಯಾಗಿಟ್ಟು ಬೆಳೆಸಿದನು. ಆದರೂ ಮದುವೆ ನಡೆಯಿತು, ನಾಲ್ಕನೆಯ ದಿನವೂ ಬಂದಿತು. ಕಂಕಣ ಬಿಚ್ಚುವ ಮೊದಲೇ ವಧುವಿನ ರೋದನ ಕೇಳಿಸಿತು. ಆ ದಿನ ನಮ್ಮ ಕಣ್ಣಲ್ಲೂ ನೀರು ಬಂದಿತೆಂದು ದೂತರು ಹೇಳುತ್ತಾರೆ. ಇಂಥ ಅಕಾಲಮೃತ್ಯುವಿಗೆ ಪರಿಹಾರವಿಲ್ಲವೇ ಎಂದು ಅವರೇ ಬೇಡುತ್ತಾರೆ. ಆಗ ಯಮನು ಈ ತ್ರಯೋದಶಿಯ ಪ್ರದೋಷದಲ್ಲಿ ತನ್ನ ಹೆಸರಿನಿಂದ ಮನೆಯ ಹೊರಗೆ ದೀಪವನ್ನಿಡುವವರಿಗೆ ಆ ಭಯವಿಲ್ಲವೆಂದು ವರವೀಯುತ್ತಾನೆ.

ಕಥೆ ಹೇಳುವವರು ಈ ದೃಶ್ಯದಲ್ಲಿ ಯಮನನ್ನು ಕ್ರೂರನೆಂದು ಚಿತ್ರಿಸಬಾರದು. ಪ್ರಶ್ನೆ ಕೇಳಿದವನು ಅವನು, ವರ ಕೊಟ್ಟವನೂ ಅವನು. ಭಾಗವತದ ಆರನೆಯ ಸ್ಕಂಧದಲ್ಲಿ ಅಜಾಮಿಳನ ಪ್ರಸಂಗದ ಅನಂತರ ಇದೇ ಯಮನು ತನ್ನ ದೂತರಿಗೆ ಹರಿಭಕ್ತರ ತಂಟೆಗೆ ಹೋಗದಿರಿ ಎಂದು ಆಜ್ಞಾಪಿಸುವುದನ್ನು ನೆನೆದರೆ ಈ ಯಮನ ಸ್ವಭಾವ ಸ್ಪಷ್ಟವಾಗುತ್ತದೆ. ವಧುವು ಚಿನ್ನಬೆಳ್ಳಿಯ ರಾಶಿಯನ್ನು ಬಾಗಿಲಲ್ಲಿಟ್ಟು ಸರ್ಪರೂಪದಿಂದ ಬಂದ ಯಮನ ಕಣ್ಣು ಕೋರೈಸಿದಳೆಂಬ ಕಥೆಯೂ ಪ್ರಚಾರದಲ್ಲಿದೆ. ಅದು ಜನಜನಿತವಾದದ್ದು, ಚಿನ್ನ ಕೊಳ್ಳುವ ರೂಢಿಗೆ ಹೊಂದಿಕೊಂಡು ಬೆಳೆದಂತೆ ಕಾಣುತ್ತದೆ. ದೀಪಕ್ಕೆ ಮೂಲವಾದದ್ದು ದೂತರ ಮರುಕವೇ.

ಎರಡನೆಯ ದಿನ: ನರಕಚತುರ್ದಶಿ

ಈ ದಿನದ ಮುಖ್ಯ ಕರ್ಮ ಅಭ್ಯಂಗಸ್ನಾನ. ಅದು ಚಂದ್ರೋದಯವಾದ ಮೇಲೆ, ಸೂರ್ಯೋದಯಕ್ಕೆ ಮೊದಲು ಆಗಬೇಕು. ಕೃಷ್ಣಪಕ್ಷದ ಚತುರ್ದಶಿಯ ಚಂದ್ರನು ಬೆಳಗಿನ ಜಾವ ಪೂರ್ವದಲ್ಲಿ ಕೂದಲೆಳೆಯ ಹಾಗೆ ಮೂಡಿ, ಸ್ವಲ್ಪ ಹೊತ್ತಿನಲ್ಲೇ ಸೂರ್ಯಪ್ರಭೆಯಲ್ಲಿ ಮರೆಯಾಗುತ್ತಾನೆ. ಆದುದರಿಂದ ಸಿಗುವ ಅವಧಿ ಒಂದು ಗಂಟೆಗಿಂತ ಬಹಳ ಹೆಚ್ಚಿಲ್ಲ. ಇತರ ಚತುರ್ದಶಿಗಳಂದು ಎಣ್ಣೆಯ ಸ್ನಾನವನ್ನು ಶಾಸ್ತ್ರವು ನಿಷೇಧಿಸಿದೆ. ಇಂದು ಮಾತ್ರ ವಿಧಿಸಿದೆ. ಎಣ್ಣೆಯಲ್ಲಿ ಲಕ್ಷ್ಮಿಯೂ ನೀರಿನಲ್ಲಿ ಗಂಗೆಯೂ ಈ ವೇಳೆಯಲ್ಲಿ ಸನ್ನಿಹಿತರಾಗಿರುತ್ತಾರೆಂಬುದು ಇದಕ್ಕೆ ಹೇಳುವ ಕಾರಣ. ಸ್ನಾನದ ನಡುವೆ ಉತ್ತರಾಣಿಯ ಕಡ್ಡಿಯನ್ನು ತಲೆಯ ಸುತ್ತ ಮೂರು ಸಲ ನಿವಾಳಿಸುತ್ತಾರೆ. ಹೊಲದ ಬದುವಿನಲ್ಲಿ ತಾನಾಗಿ ಬೆಳೆದು ಬಟ್ಟೆಗೆ ಅಂಟಿಕೊಳ್ಳುವ ಆ ಗಿಡವೇ ಸಂಸ್ಕೃತದಲ್ಲಿ ಅಪಾಮಾರ್ಗ. ಬಳಿಕ ಯಮನ ಹದಿನಾಲ್ಕು ಹೆಸರುಗಳನ್ನು ಹೇಳಿ ತರ್ಪಣ ಕೊಡುವುದುಂಟು.

ಕಥೆ ಭಾಗವತದ ಹತ್ತನೆಯ ಸ್ಕಂಧದ್ದು. ದೃಶ್ಯವು ದ್ವಾರಕೆಯಲ್ಲಿ ಆರಂಭವಾಗುತ್ತದೆ. ಇಂದ್ರನು ದೂರು ಹೊತ್ತು ಬಂದಿದ್ದಾನೆ. ಭೂಮಿಯ ಮಗನಾದ ನರಕನು ವರುಣನ ಛತ್ರವನ್ನೂ, ದೇವಮಾತೆ ಅದಿತಿಯ ಕುಂಡಲಗಳನ್ನೂ, ಮಂದರಪರ್ವತದ ಮಣಿಶಿಖರವನ್ನೂ ಅಪಹರಿಸಿದ್ದಾನೆ. ಶ್ರೀಕೃಷ್ಣನು ಸತ್ಯಭಾಮೆಯೊಡನೆ ಗರುಡನನ್ನೇರಿ ಪ್ರಾಗ್ಜ್ಯೋತಿಷಪುರಕ್ಕೆ ಹೊರಡುತ್ತಾನೆ.

ಆ ಪುರಕ್ಕೆ ಕೋಟೆಗಳು ಒಂದರೊಳಗೊಂದು. ಹೊರಗೆ ಬೆಟ್ಟಗಳು, ಒಳಗೆ ಶಸ್ತ್ರಗಳ ಬೇಲಿ, ಅದರೊಳಗೆ ನೀರು, ಬೆಂಕಿ, ಗಾಳಿ, ಎಲ್ಲಕ್ಕೂ ಒಳಗೆ ಮುರನೆಂಬ ದೈತ್ಯನ ಹತ್ತುಸಾವಿರ ಪಾಶಗಳು. ಗದೆಯಿಂದ ಬೆಟ್ಟಗಳು ಪುಡಿಯಾಗುತ್ತವೆ. ಬಾಣಗಳಿಂದ ಶಸ್ತ್ರಗಳು ಮುರಿಯುತ್ತವೆ. ಚಕ್ರದಿಂದ ಬೆಂಕಿ, ನೀರು, ಗಾಳಿಗಳು ಸರಿಯುತ್ತವೆ. ಖಡ್ಗದಿಂದ ಪಾಶಗಳು ಕತ್ತರಿಸಿ ಬೀಳುತ್ತವೆ. ಪಾಂಚಜನ್ಯದ ಧ್ವನಿಯನ್ನು ಕೇಳಿ ನೀರಿನಲ್ಲಿ ಮಲಗಿದ್ದ ಐದು ತಲೆಯ ಮುರನು ಎದ್ದು ಬರುತ್ತಾನೆ, ಚಕ್ರಕ್ಕೆ ಬಲಿಯಾಗುತ್ತಾನೆ. ಅವನ ಏಳು ಮಕ್ಕಳೂ ಬೀಳುತ್ತಾರೆ. ಕೊನೆಗೆ ಆನೆಯ ಸೈನ್ಯದೊಡನೆ ನರಕನೇ ಬಂದು, ಶೂಲವನ್ನೆತ್ತಿದ ಕ್ಷಣದಲ್ಲಿ ಚಕ್ರವು ಅವನ ಶಿರಸ್ಸನ್ನು ಕತ್ತರಿಸುತ್ತದೆ.

ಆದರೆ ಈ ಕಥೆಯ ಹೃದಯವಿರುವುದು ಯುದ್ಧದಲ್ಲಲ್ಲ, ಅನಂತರದ ದೃಶ್ಯದಲ್ಲಿ. ಸತ್ತವನ ತಾಯಿ ಭೂದೇವಿ ಮುಂದೆ ಬರುತ್ತಾಳೆ. ಅವಳ ಕೈಯಲ್ಲಿ ಅದಿತಿಯ ಕುಂಡಲಗಳಿವೆ, ವೈಜಯಂತೀಮಾಲೆಯಿದೆ, ವರುಣನ ಛತ್ರವಿದೆ. ಮಗನು ಕದ್ದದ್ದನ್ನು ತಾಯಿ ಒಪ್ಪಿಸುತ್ತಾಳೆ. ಶೋಕವನ್ನು ನುಂಗಿ ಭಗವಂತನನ್ನು ಸ್ತುತಿಸುತ್ತಾಳೆ. ಕಡೆಗೆ ಅವಳು ಬೇಡುವುದು ಒಂದೇ: ಹೆದರಿ ನಡುಗುತ್ತಿರುವ ಮೊಮ್ಮಗ ಭಗದತ್ತನ ತಲೆಯ ಮೇಲೆ ನಿನ್ನ ಕೈಯನ್ನಿಡು. ಶ್ರೀಕೃಷ್ಣನು ಅಭಯವನ್ನಿತ್ತು, ಸೆರೆಯಲ್ಲಿದ್ದ ಹದಿನಾರು ಸಾವಿರ ರಾಜಕನ್ಯೆಯರನ್ನು ಬಿಡಿಸಿ ದ್ವಾರಕೆಗೆ ಕಳಿಸುತ್ತಾನೆ. ತಾನು ಸ್ವರ್ಗಕ್ಕೆ ಹೋಗಿ ಅದಿತಿಗೆ ಕುಂಡಲಗಳನ್ನು ಮರಳಿಸುತ್ತಾನೆ. ಆಡಿಸುವವರು ಈ ಭೂದೇವಿಯ ದೃಶ್ಯವನ್ನು ಬಿಟ್ಟು ಪಟಾಕಿಯ ಸದ್ದಿನಲ್ಲಿ ಯುದ್ಧವನ್ನು ಮಾತ್ರ ತೋರಿಸಿದರೆ ಕಥೆ ಅರ್ಧವಾಗುತ್ತದೆ.

ಸತ್ಯಭಾಮೆಯೇ ನರಕನನ್ನು ಕೊಂದಳೆಂದು ನಮ್ಮಲ್ಲಿ ಕೆಲವರು ಹೇಳುವುದನ್ನು ಕೇಳಿದ್ದೇವೆ. ಚಿಂಚೋಳಿ, ಸೇಡಂಗಳು ತೆಲುಗು ನಾಡಿನ ಅಂಚಿನಲ್ಲಿರುವ ಊರುಗಳು. ತೆಲುಗಿನ ಪೋತನನ ಭಾಗವತದಲ್ಲಿ ಸತ್ಯಭಾಮೆಯ ಯುದ್ಧವು ಬಹಳ ವಿಸ್ತಾರವಾಗಿ ಬಂದಿದೆ. ಆದರೆ ಅಲ್ಲಿಯೂ ನರಕನ ಶಿರಸ್ಸನ್ನು ಕತ್ತರಿಸುವುದು ಕೃಷ್ಣನ ಚಕ್ರವೇ. ಸಂಸ್ಕೃತ ಭಾಗವತದಲ್ಲಿ ಅವಳು ಗರುಡನ ಮೇಲೆ ಜೊತೆಗಿರುತ್ತಾಳೆ. ಇನ್ನೊಂದು ಮಾತು: ಭಾಗವತದ ಆ ಅಧ್ಯಾಯದಲ್ಲಿ ಚತುರ್ದಶಿಯ ಹೆಸರಾಗಲಿ ಎಣ್ಣೆಯ ಸ್ನಾನವಾಗಲಿ ಬರುವುದಿಲ್ಲ. ಕಥೆ ಅಲ್ಲಿಯದು, ಸ್ನಾನದ ವಿಧಿ ಧರ್ಮಶಾಸ್ತ್ರದ್ದು. ಎರಡನ್ನೂ ಬೆಸೆದದ್ದು ಸಂಪ್ರದಾಯ.

ಮೂರನೆಯ ದಿನ: ಅಮಾವಾಸ್ಯೆ

ಅಮಾವಾಸ್ಯೆಯ ಲಕ್ಷ್ಮೀಪೂಜೆಗೆ ಪ್ರದೋಷಕಾಲ ಮುಖ್ಯ. ಸೂರ್ಯಾಸ್ತದಿಂದ ಕೆಲವು ಘಟಿಗೆಗಳ ಅವಧಿಗೆ ಪ್ರದೋಷವೆಂದು ಹೆಸರು. ಒಂದು ಘಟಿಗೆಯೆಂದರೆ 24 ನಿಮಿಷ. ಅಂಗಡಿಗಳಲ್ಲಿ ಲೆಕ್ಕದ ಪುಸ್ತಕಗಳಿಗೂ ಇದೇ ಹೊತ್ತಿನಲ್ಲಿ ಪೂಜೆ ನಡೆಯುತ್ತದೆ.

ಈ ದಿನಕ್ಕೆ ಹೇಳುವ ಕಥೆ ಭಾಗವತದ ಎಂಟನೆಯ ಸ್ಕಂಧದ ಸಮುದ್ರಮಥನ. ದೃಶ್ಯವು ಹಾಲಿನ ಕಡಲ ತೀರ. ವಿಷವು ಬಂದು ಹೋಗಿದೆ. ಕಾಮಧೇನು, ಉಚ್ಚೈಃಶ್ರವಸ್ಸು, ಐರಾವತ, ಕೌಸ್ತುಭ, ಪಾರಿಜಾತಗಳು ಬಂದಿವೆ. ಆಗ ಮಿಂಚು ದಿಕ್ಕುಗಳನ್ನು ಬೆಳಗಿದಂತೆ ಶ್ರೀದೇವಿಯು ಪ್ರಕಟಳಾಗುತ್ತಾಳೆ. ಇಂದ್ರನು ಆಸನವನ್ನು ತರುತ್ತಾನೆ. ನದಿಗಳು ಸ್ತ್ರೀರೂಪದಿಂದ ಹೊನ್ನ ಕೊಡಗಳಲ್ಲಿ ನೀರನ್ನು ಹೊತ್ತು ಬರುತ್ತವೆ. ಭೂಮಿಯು ಔಷಧಿಗಳನ್ನೂ ಗೋವುಗಳು ಪಂಚಗವ್ಯವನ್ನೂ ಕೊಡುತ್ತವೆ. ದಿಗ್ಗಜಗಳು ತುಂಬಿದ ಕಲಶಗಳಿಂದ ಅಭಿಷೇಕ ಮಾಡುತ್ತವೆ. ಸಮುದ್ರರಾಜನು ಹಳದಿ ಪಟ್ಟೆಯ ಜೋಡಿಯನ್ನೂ, ವರುಣನು ಮಾಲೆಯನ್ನೂ, ಸರಸ್ವತಿಯು ಹಾರವನ್ನೂ, ಬ್ರಹ್ಮನು ಕಮಲವನ್ನೂ ಅರ್ಪಿಸುತ್ತಾರೆ.

ಕೈಯಲ್ಲಿ ಮಾಲೆಯನ್ನು ಹಿಡಿದು ದೇವಿಯು ಸಭೆಯನ್ನು ನೋಡುತ್ತಾಳೆ. ಒಬ್ಬನಲ್ಲಿ ತಪಸ್ಸಿದೆ, ಕೋಪ ಗೆದ್ದಿಲ್ಲ. ಒಬ್ಬನಲ್ಲಿ ಜ್ಞಾನವಿದೆ, ವೈರಾಗ್ಯವಿಲ್ಲ. ಒಬ್ಬನು ದೊಡ್ಡವನು, ಆದರೆ ಕಾಮವನ್ನು ಜಯಿಸಿಲ್ಲ. ಒಬ್ಬನಲ್ಲಿ ಧರ್ಮವಿದೆ, ಭೂತದಯೆಯಿಲ್ಲ. ಒಬ್ಬನಿಗೆ ಪರಾಕ್ರಮವಿದೆ, ಅದು ಕಾಲದ ಹೊಡೆತಕ್ಕೆ ನಿಲ್ಲುವುದಿಲ್ಲ. ದೋಷವೇ ಇಲ್ಲದವನು ಒಬ್ಬನೇ ಎಂದು ಅರಿತು ಮಾಲೆಯನ್ನು ಶ್ರೀಹರಿಯ ಕೊರಳಿಗೆ ಹಾಕಿ, ನಾಚಿ ಪಕ್ಕದಲ್ಲಿ ನಿಲ್ಲುತ್ತಾಳೆ. ನಮ್ಮ ಸಿದ್ಧಾಂತದಲ್ಲಿ ಲಕ್ಷ್ಮಿಯು ನಿತ್ಯಮುಕ್ತಳು, ಭಗವಂತನಿಂದ ಎಂದೂ ಅಗಲದವಳು. ಆದುದರಿಂದ ಇಲ್ಲಿ ಅವಳು ಹುಟ್ಟಿದಳೆಂದು ಹೇಳದೆ ಪ್ರಕಟಳಾದಳೆಂದೇ ಹೇಳಬೇಕು. ಮಾಲೆ ಹಾಕಿದ್ದೂ ಆಯ್ಕೆಯ ಸಂಶಯದಿಂದಲ್ಲ, ಲೋಕಕ್ಕೆ ತೋರಿಸುವುದಕ್ಕಾಗಿ.

ಉತ್ತರದೇಶದಲ್ಲಿ ಈ ದಿನ ಶ್ರೀರಾಮನು ಅಯೋಧ್ಯೆಗೆ ಮರಳಿದನೆಂದು ಹೇಳುತ್ತಾರೆ. ಅದು ಅಲ್ಲಿಯ ಸಂಪ್ರದಾಯ. ವಾಲ್ಮೀಕಿರಾಮಾಯಣದಲ್ಲಿ ಹದಿನಾಲ್ಕು ವರ್ಷ ತುಂಬಿ ರಾಮನು ಭರದ್ವಾಜಾಶ್ರಮಕ್ಕೆ ಬಂದ ತಿಥಿಯನ್ನು ಪಂಚಮಿಯೆಂದು ಹೇಳಿದೆ. ಹಾಗಾಗಿ ನಮ್ಮಲ್ಲಿ ಕಥೆ ಹೇಳುವವರು ಲಕ್ಷ್ಮಿಯ ಪ್ರಾದುರ್ಭಾವವನ್ನೇ ಹಿಡಿಯುವುದು ಯುಕ್ತ.

ನಾಲ್ಕನೆಯ ದಿನ: ಬಲಿಪಾಡ್ಯಮಿ

ಕಾರ್ತೀಕ ಮಾಸ ಈ ದಿನ ಆರಂಭವಾಗುತ್ತದೆ. ಬೆಳಿಗ್ಗೆ ಮತ್ತೊಮ್ಮೆ ಅಭ್ಯಂಗ, ಬಲಿಯ ಪೂಜೆ, ಗೋಪೂಜೆ, ಗೋವರ್ಧನಪೂಜೆಗಳು ನಡೆಯುತ್ತವೆ. ಉತ್ತರ ಕರ್ನಾಟಕದ ಅನೇಕ ಮನೆಗಳಲ್ಲಿ ಸಗಣಿಯಿಂದ ಪಾಂಡವರನ್ನು ಮಾಡಿ, ಉತ್ತರಾಣಿಯ ಕಡ್ಡಿ ಮತ್ತು ಚೆಂಡುಹೂವನ್ನು ಸಿಕ್ಕಿಸಿ ಬಾಗಿಲಲ್ಲಿಡುವ ರೂಢಿಯಿದೆ. ಇದು ಹೆಣ್ಣುಮಕ್ಕಳು ಕಾಪಾಡಿಕೊಂಡು ಬಂದ ಆಚಾರ.

ಬಲಿಯ ಕಥೆಯ ದೃಶ್ಯವು ನರ್ಮದೆಯ ಉತ್ತರ ತೀರದ ಭೃಗುಕಚ್ಛ. ಬಲಿಯು ಅಶ್ವಮೇಧದಲ್ಲಿ ತೊಡಗಿದ್ದಾನೆ. ಕೊಡೆ, ದಂಡ, ಕಮಂಡಲುಗಳನ್ನು ಹಿಡಿದ ಪುಟ್ಟ ವಟುವೊಬ್ಬನು ಯಜ್ಞಶಾಲೆಗೆ ಬರುತ್ತಾನೆ. ತೇಜಸ್ಸನ್ನು ಕಂಡು ಋತ್ವಿಜರು ಎದ್ದು ನಿಲ್ಲುತ್ತಾರೆ. ಬಲಿಯು ಪಾದ ತೊಳೆದು, ಬೇಕಾದುದನ್ನು ಕೇಳೆನ್ನುತ್ತಾನೆ. ಕೇಳಿದ್ದು ಮೂರು ಹೆಜ್ಜೆಯ ನೆಲ. ಇವನು ವಿಷ್ಣು, ಕೊಡಬೇಡ ಎಂದು ಶುಕ್ರಾಚಾರ್ಯರು ತಡೆಯುತ್ತಾರೆ. ಕೊಟ್ಟ ಮಾತಿಗೆ ತಪ್ಪಲಾರೆನೆಂದು ಬಲಿಯು ಧಾರೆಯೆರೆಯುತ್ತಾನೆ. ವಾಮನನು ತ್ರಿವಿಕ್ರಮನಾಗುತ್ತಾನೆ. ಒಂದು ಹೆಜ್ಜೆಗೆ ಭೂಮಿ, ಎರಡನೆಯದಕ್ಕೆ ಮೇಲಿನ ಲೋಕಗಳು ಮುಗಿಯುತ್ತವೆ. ಮೂರನೆಯದಕ್ಕೆ ಎಡೆಯಿಲ್ಲ. ಗರುಡನು ಬಲಿಯನ್ನು ವರುಣಪಾಶದಿಂದ ಕಟ್ಟುತ್ತಾನೆ. ಪಾಶದಲ್ಲಿದ್ದುಕೊಂಡೇ ಬಲಿಯು ಹೇಳುತ್ತಾನೆ: ನನ್ನ ತಲೆಯ ಮೇಲೆ ನಿನ್ನ ಮೂರನೆಯ ಹೆಜ್ಜೆಯನ್ನಿಡು, ನನಗೆ ನರಕದ ಭಯವಿಲ್ಲ, ಅಪಕೀರ್ತಿಯ ಭಯವಿದೆ. ಆಗ ಅಜ್ಜನಾದ ಪ್ರಹ್ಲಾದನು ಬರುತ್ತಾನೆ. ಕಟ್ಟಿಸಿಕೊಂಡಿರುವ ಬಲಿಗೆ ಎಂದಿನಂತೆ ಪೂಜೆ ಸಲ್ಲಿಸಲಾಗದು; ಕಣ್ಣೀರು ತುಂಬಿ ತಲೆಬಾಗುತ್ತಾನೆ.

ಚಿತ್ರಗಳಲ್ಲಿ ವಾಮನನು ಬಲಿಯನ್ನು ತುಳಿದು ಪಾತಾಳಕ್ಕೆ ನೂಕುವಂತೆ ಬರೆಯುವುದುಂಟು. ಭಾಗವತದ ಮಾತು ಬೇರೆ. ಭಗವಂತನು ಬಲಿಗೆ ಸ್ವರ್ಗದವರೂ ಬಯಸುವ ಸುತಲಲೋಕವನ್ನು ಕೊಡುತ್ತಾನೆ. ಮುಂದೆ ಸಾವರ್ಣಿ ಮನ್ವಂತರದಲ್ಲಿ ಇಂದ್ರಪದವಿಯನ್ನು ಕೊಡುತ್ತಾನೆ. ಅಲ್ಲಿಯವರೆಗೆ ತಾನೇ ಗದೆ ಹಿಡಿದು ಅವನ ಬಾಗಿಲಲ್ಲಿ ಕಾವಲಿರುತ್ತಾನೆ. ಸರ್ವಸ್ವವನ್ನೂ ಕಳೆದುಕೊಂಡವನ ಬಾಗಿಲಲ್ಲಿ ಸರ್ವಸ್ವವೂ ಬಂದು ನಿಂತಿತು. ಆಡಿಸುವವರು ಕೊನೆಯ ದೃಶ್ಯವಾಗಿ ಈ ಬಾಗಿಲನ್ನು ತೋರಿಸಬೇಕು.

ಇಲ್ಲೊಂದು ಸಂದೇಹ ಬರಬಹುದು. ವಾಮನನು ಅವತರಿಸಿದ್ದು ಭಾದ್ರಪದ ಶುಕ್ಲ ದ್ವಾದಶಿಯಂದು. ಬಲಿಯ ಪೂಜೆ ಕಾರ್ತೀಕದಲ್ಲೇಕೆ? ಪಾಡ್ಯಮಿಯು ಬಲಿಯನ್ನು ಕಟ್ಟಿದ ದಿನವಲ್ಲ. ವರುಷಕ್ಕೊಮ್ಮೆ ಅವನ ರಾಜ್ಯ ಭೂಮಿಯಲ್ಲಿ ನಡೆಯಲೆಂದು ಭಗವಂತನು ಕೊಟ್ಟ ವರದ ದಿನ. ಸೋತವನ ಹೆಸರಿನಲ್ಲಿ ಗೆದ್ದವರು ದೀಪ ಹಚ್ಚುತ್ತಾರೆ ಎಂಬುದೇ ಈ ದಿನದ ವಿಶೇಷ.

ಐದನೆಯ ದಿನ: ಯಮದ್ವಿತೀಯೆ

ಮೊದಲ ದಿನ ಮನೆಯ ಹೊರಗೆ ದೀಪವನ್ನಿರಿಸಿಕೊಂಡ ಯಮನು ಕೊನೆಯ ದಿನ ಮನೆಯ ಒಳಗೆ ಅತಿಥಿಯಾಗಿ ಬರುತ್ತಾನೆ. ದೃಶ್ಯವು ಯಮುನೆಯ ಮನೆ. ಯಮನೂ ಯಮುನೆಯೂ ಸೂರ್ಯ ಮತ್ತು ಸಂಜ್ಞೆಯರ ಮಕ್ಕಳು. ತಂಗಿಯು ಎಷ್ಟೋ ಸಲ ಕರೆದಿದ್ದಾಳೆ. ಕೆಲಸದ ಭಾರದಿಂದ ಅಣ್ಣನು ಬಂದಿಲ್ಲ. ಕಾರ್ತೀಕ ಶುಕ್ಲ ದ್ವಿತೀಯೆಯಂದು ಬಾಗಿಲಲ್ಲಿ ಅವನನ್ನು ಕಂಡು ಅವಳಿಗೆ ನಂಬಿಕೆಯೇ ಆಗುವುದಿಲ್ಲ. ಕಾಲು ತೊಳೆಯಲು ನೀರು, ಕೂಡಲು ಮಣೆ, ತಲೆಗೆ ಎಣ್ಣೆ, ಹಣೆಗೆ ತಿಲಕ, ಕೊನೆಗೆ ತಾನೇ ಮಾಡಿದ ಅಡಿಗೆ. ಉಂಡು ತೃಪ್ತನಾದ ಯಮನು ವರ ಕೇಳೆನ್ನುತ್ತಾನೆ. ಅವಳು ತನಗೆ ಬೇರೇನನ್ನೂ ಕೇಳುವುದಿಲ್ಲ: ವರ್ಷಕ್ಕೊಮ್ಮೆ ಈ ದಿನ ನೀನು ಬರಬೇಕು, ಈ ದಿನ ಅಕ್ಕತಂಗಿಯರ ಕೈಯ ಊಟವನ್ನು ಉಂಡವರಿಗೆ ನಿನ್ನ ಭಯ ಇರಬಾರದು. ಯಮನು ಒಪ್ಪಿ, ವಸ್ತ್ರಾಭರಣಗಳನ್ನಿತ್ತು ಹೊರಡುತ್ತಾನೆ.

ಆದುದರಿಂದ ಈ ದಿನ ಗಂಡಸರು ತಮ್ಮ ಮನೆಯಲ್ಲಿ ಉಣ್ಣದೆ ಒಡಹುಟ್ಟಿದವಳ ಮನೆಯಲ್ಲಿ ಉಣ್ಣಬೇಕು, ಅವಳಿಗೆ ಉಡುಗೊರೆ ಕೊಡಬೇಕು. ಒಡಹುಟ್ಟಿದವಳು ಇಲ್ಲದಿದ್ದರೆ ದೊಡ್ಡಪ್ಪ ಚಿಕ್ಕಪ್ಪಂದಿರ, ಸೋದರಮಾವನ ಮಗಳಾದರೂ ಆ ಸ್ಥಾನದಲ್ಲಿರಬಹುದು. ಊಟದ ವೇಳೆ ಅಪರಾಹ್ಣ. ಹಗಲನ್ನು ಐದು ಪಾಲು ಮಾಡಿದರೆ ನಾಲ್ಕನೆಯ ಪಾಲು ಅದು. ನಮ್ಮಲ್ಲಿ ಆ ಕಾಲದಲ್ಲಿ ಮಧ್ಯಾಹ್ನ ಸುಮಾರು ಒಂದೂಕಾಲರಿಂದ ಮೂರೂವರೆ ಗಂಟೆ. ಮರಾಠಿ ನೆರೆಯವರು ಇದನ್ನು ಭಾವುಬೀಜವೆನ್ನುತ್ತಾರೆ. ಮರುದಿನದ ತೃತೀಯೆಗೆ ನಮ್ಮಲ್ಲಿ ಅಕ್ಕನ ತದಿಗೆಯೆಂದೂ ಭಗಿನೀತೃತೀಯೆಯೆಂದೂ ಹೆಸರುಂಟು.

ವೇಳೆಯನ್ನು ತಿಳಿಯುವ ಬಗೆ

ಈಗ ಮೊದಲು ಹೇಳಿದ ಮಾತಿಗೆ ಬರೋಣ. ತಿಥಿಯು ಸೂರ್ಯೋದಯದಿಂದ ಸೂರ್ಯೋದಯಕ್ಕೆ ಅಳೆದಿಟ್ಟದ್ದಲ್ಲ. ಅದು ಹಗಲಿನಲ್ಲಿಯೋ ರಾತ್ರಿಯಲ್ಲಿಯೋ ಯಾವ ಗಳಿಗೆಯಲ್ಲಾದರೂ ಮುಗಿಯಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಮಾತ್ರ ಸೂರ್ಯೋದಯಕ್ಕೆ ಇದ್ದ ತಿಥಿಯ ಹೆಸರನ್ನೇ ಇಡೀ ದಿನಕ್ಕೆ ಅಚ್ಚು ಹಾಕಿರುತ್ತಾರೆ. ಸಂಜೆಯ ಕರ್ಮಕ್ಕೆ ಆ ಹೆಸರನ್ನು ನಂಬಿದರೆ ತಪ್ಪಾಗುತ್ತದೆ.

2024ನೆಯ ಇಸವಿಯನ್ನೇ ನೋಡಬಹುದು. ದೃಗ್ಗಣಿತದ ಪ್ರಕಾರ ತ್ರಯೋದಶಿಯು ಅಕ್ಟೋಬರ್ 29ರಂದು ಬೆಳಿಗ್ಗೆ 10-31ಕ್ಕೆ ಆರಂಭವಾಗಿ 30ರಂದು ಮಧ್ಯಾಹ್ನ 1-15ಕ್ಕೆ ಮುಗಿಯಿತು. ಸೂರ್ಯೋದಯದ ಲೆಕ್ಕದಲ್ಲಿ 30ನೆಯ ತಾರೀಖೇ ತ್ರಯೋದಶಿ. ಆದರೆ ಆ ಸಂಜೆಗೆ ಚತುರ್ದಶಿ ಬಂದಾಗಿತ್ತು. ತ್ರಯೋದಶಿಯ ಪ್ರದೋಷ ಸಿಕ್ಕಿದ್ದು 29ರ ಸಂಜೆ ಮಾತ್ರ. ಹೀಗಾಗಿ ಯಮದೀಪ 29ಕ್ಕೆ ಬಂದಿತು. ಚತುರ್ದಶಿಯು 31ರ ಮಧ್ಯಾಹ್ನ 3-52ರವರೆಗೆ ಇದ್ದುದರಿಂದ ಬೆಳಗಿನ ಜಾವದ ಚತುರ್ದಶಿ 31ರಂದು ದೊರೆಯಿತು, ಅಭ್ಯಂಗ ಅಂದು. ನಡುವಿನ 30ನೆಯ ತಾರೀಖು ಯಾವ ಹಬ್ಬವೂ ಇಲ್ಲದೆ ಖಾಲಿ ಉಳಿಯಿತು. ಐದು ದಿನದ ಹಬ್ಬ ಆರು ದಿನಕ್ಕೆ ಹರಡಿದ್ದು ಹೀಗೆ.

ಕಠಿನವಾದದ್ದು ಅಮಾವಾಸ್ಯೆ. ಅದು 31ರ ಮಧ್ಯಾಹ್ನ 3-52ರಿಂದ ನವೆಂಬರ್ 1ರ ಸಂಜೆ 6-16ರವರೆಗೆ ಇತ್ತು. 31ರ ಸಂಜೆ ಪ್ರದೋಷವೆಲ್ಲ ಅಮಾವಾಸ್ಯೆಯೇ. ಮರುದಿನ ಸಂಜೆಯೂ ಸ್ವಲ್ಪ ಅಮಾವಾಸ್ಯೆ ಉಳಿದಿತ್ತು. ದೇಶದಲ್ಲಿ ಕೆಲವರು 31ರಂದು, ಕೆಲವರು 1ರಂದು ಲಕ್ಷ್ಮೀಪೂಜೆಯನ್ನು ಮಾಡಿದ್ದಕ್ಕೆ ಇದೇ ಕಾರಣ. ಪಂಢರಪುರದ ಕಾಶೀನಾಥೋಪಾಧ್ಯಾಯರ ಧರ್ಮಸಿಂಧುವು ಇದಕ್ಕೆ ಒಂದು ಅಳತೆಯನ್ನು ಕೊಟ್ಟಿದೆ. ಅಮಾವಾಸ್ಯೆಯು ಸೂರ್ಯೋದಯದಿಂದ ಹಿಡಿದು ಸೂರ್ಯಾಸ್ತದ ಮೇಲೆ ಒಂದು ಘಟಿಗೆಗಿಂತ ಹೆಚ್ಚು ರಾತ್ರಿಯನ್ನು ವ್ಯಾಪಿಸಿದ್ದರೆ ಆ ದಿನವೇ ಗ್ರಾಹ್ಯ, ಸಂದೇಹವಿಲ್ಲ ಎಂಬುದು ಅದರ ಅಭಿಪ್ರಾಯ.

ಈ ಅಳತೆಯನ್ನು ಸೇಡಂ ಊರಿಗೆ ಹಚ್ಚಿ ನೋಡೋಣ. ನವೆಂಬರ್ 1ರಂದು ಅಲ್ಲಿ ಸೂರ್ಯಾಸ್ತ ಸುಮಾರು 5-50ಕ್ಕೆ. ಅಮಾವಾಸ್ಯೆಯ ಅಂತ್ಯ 6-16. ಉಳಿದದ್ದು ಸುಮಾರು 26 ನಿಮಿಷ. ಒಂದು ಘಟಿಗೆಗೆ 24 ನಿಮಿಷ. ಅದಕ್ಕಿಂತ ಎರಡೇ ನಿಮಿಷ ಹೆಚ್ಚು. ಆದುದರಿಂದ ಈ ಲೆಕ್ಕದಂತೆ ಸೇಡಂನಲ್ಲಿ ನವೆಂಬರ್ 1ರ ಪಕ್ಷವು ಅಳತೆಗೆ ನಿಲ್ಲುತ್ತದೆ, ಆದರೆ ಅಂಚಿನಲ್ಲಿ ನಿಲ್ಲುತ್ತದೆ. ಅದೇ ದಿನ ಮುಂಬಯಿಯಲ್ಲಿ ಸೂರ್ಯಾಸ್ತ ಸುಮಾರು 6-05ಕ್ಕೆ; ಅಲ್ಲಿ ಉಳಿದದ್ದು ಹನ್ನೊಂದು ನಿಮಿಷ, ಅರ್ಧ ಘಟಿಗೆಯೂ ಇಲ್ಲ. ಅಮಾವಾಸ್ಯೆ ಮುಗಿಯುವ ಕ್ಷಣ ಇಡೀ ದೇಶಕ್ಕೆ ಒಂದೇ. ಸೂರ್ಯ ಮುಳುಗುವ ಕ್ಷಣ ಊರೂರಿಗೆ ಬೇರೆ. ಮಗನು ಮುಂಬಯಿಯಿಂದ ಒಂದು ದಿನ ಹೇಳಿದರೆ, ತಂದೆ ಸೇಡಂನಲ್ಲಿ ಇನ್ನೊಂದು ದಿನ ಹಿಡಿದರೆ, ಇಬ್ಬರಲ್ಲಿ ಒಬ್ಬರು ತಪ್ಪಿದರೆಂದು ತಿಳಿಯಬೇಕಾಗಿಲ್ಲ.

ಇನ್ನೊಂದು ಎಚ್ಚರಿಕೆಯೂ ಬೇಕು. ಸೂರ್ಯಸಿದ್ಧಾಂತದ ಗಣಿತವನ್ನು ಅನುಸರಿಸುವ ಪಂಚಾಂಗಗಳಲ್ಲಿ ತಿಥಿಯ ಅಂತ್ಯವು ದೃಗ್ಗಣಿತಕ್ಕಿಂತ ಕೆಲವು ಘಟಿಗೆ ಹಿಂದುಮುಂದಾಗುತ್ತದೆ. ಎರಡು ನಿಮಿಷದ ಅಂತರದಲ್ಲಿ ನಿಂತ ನಿರ್ಣಯವು ಅಲ್ಲಿ ಹೊರಳಿಹೋಗಬಹುದು. ಆದುದರಿಂದ ಒಂದು ಪಂಚಾಂಗದ ತಿಥಿಯನ್ನೂ ಮತ್ತೊಂದರ ನಿರ್ಣಯವನ್ನೂ ಬೆರೆಸದೆ, ತಮ್ಮ ಮಠದ ಪಂಚಾಂಗವೊಂದನ್ನೇ ಐದೂ ದಿನಗಳಿಗೆ ಹಿಡಿಯಬೇಕು.

ಮನೆಯಲ್ಲಿ ಪರೀಕ್ಷಿಸುವ ಸುಲಭವಾದ ಕ್ರಮ ಹೀಗಿದೆ. ಪಂಚಾಂಗದಲ್ಲಿ ತಿಥಿಯ ಮುಂದೆ ಕೊಟ್ಟಿರುವ ಘಟಿಗೆಗಳು ಸೂರ್ಯೋದಯದಿಂದ ಎಣಿಸಿದವು. ದೀಪಾವಳಿಯ ಸುಮಾರಿಗೆ ನಮ್ಮಲ್ಲಿ ಹಗಲು ಹನ್ನೊಂದೂವರೆ ಗಂಟೆ, ಅಂದರೆ 28 ಮುಕ್ಕಾಲು ಘಟಿಗೆ. ತಿಥಿಯ ಮುಂದಿನ ಅಂಕೆ ಇದಕ್ಕಿಂತ ಕಡಿಮೆಯಿದ್ದರೆ ಆ ತಿಥಿಯು ಸಂಜೆಗೆ ಇಲ್ಲವೆಂದೇ ಅರ್ಥ. ಸಂಜೆಯ ದೀಪಕ್ಕೆ ಹಿಂದಿನ ದಿನವನ್ನು ನೋಡಬೇಕು. ಅಂಕೆಯು 29 ಮುಕ್ಕಾಲನ್ನು ದಾಟಿದ್ದರೆ ಸೂರ್ಯಾಸ್ತದ ಮೇಲೆ ಒಂದು ಘಟಿಗೆ ಸಿಕ್ಕಿತು. ನಡುವೆ ಇದ್ದರೆ ತಾವೇ ನಿರ್ಣಯಿಸದೆ ಬಲ್ಲವರನ್ನು ಕೇಳಬೇಕು. 2024ರ ಅಕ್ಟೋಬರ್ 30ಕ್ಕೆ ತ್ರಯೋದಶಿ ಈ ಲೆಕ್ಕದಲ್ಲಿ ಹದಿನೇಳು ಘಟಿಗೆ ಚಿಲ್ಲರೆ; ಯಮದೀಪ ಅಂದಲ್ಲವೆಂಬುದು ಒಂದೇ ನೋಟಕ್ಕೆ ತಿಳಿಯುತ್ತದೆ.

ಆ ವರ್ಷ ಉಳಿದ ಎರಡು ದಿನಗಳಲ್ಲಿ ತೊಡಕಿರಲಿಲ್ಲ. ಪಾಡ್ಯಮಿಯು ನವೆಂಬರ್ 2ರ ಹಗಲನ್ನೂ ದ್ವಿತೀಯೆಯು 3ರ ಹಗಲನ್ನೂ ಪೂರ್ತಿಯಾಗಿ ವ್ಯಾಪಿಸಿದ್ದವು. ಬಲಿಯ ಬಾಗಿಲ ದೀಪವೂ ತಂಗಿಯ ಮನೆಯ ಊಟವೂ ತಮ್ಮ ತಮ್ಮ ವೇಳೆಗೆ ಸಂದವು. ದೂತರ ಮರುಕಕ್ಕೆ ಸಂಜೆ, ಭೂದೇವಿಯ ಅರ್ಪಣೆಗೆ ಬೆಳಗಿನ ಜಾವ, ಶ್ರೀದೇವಿಯ ಮಾಲೆಗೆ ಮತ್ತೆ ಸಂಜೆ, ಬಲಿಯ ಬಾಗಿಲಿಗೆ ಬೆಳಗು, ಯಮುನೆಯ ಎಲೆಗೆ ಅಪರಾಹ್ಣ. ಈ ಐದು ವೇಳೆಗಳನ್ನು ನೆನಪಿಟ್ಟು ಪಂಚಾಂಗವನ್ನು ತೆರೆದರೆ ಯಾವ ದೀಪವೂ ತನ್ನ ಹೊತ್ತನ್ನು ತಪ್ಪದು.

ಶ್ರೀಕೃಷ್ಣಾರ್ಪಣಮಸ್ತು.